ಆಪರೇಷನ್ ಹಿಂದಿನ ದಿನದ ಚೀಟಿ: ಅತ್ತೆಗೆ ಅರ್ಥವಾಗುವ ಹಾಗೆ ಬರೆಯೋದು ಹೇಗೆ?

"ಡಾಕ್ಟರೇ, ನಾವು ಸಕಲೇಶಪುರದ ಹತ್ತಿರದ ಹಳ್ಳಿಯವರು. ಅತ್ತೆಗೆ 64 ವರ್ಷ, ಬಿಪಿ ಇದೆ. ಬರೋ ಗುರುವಾರ ಹಾಸನದಲ್ಲಿ ದೊಡ್ಡ ಕರುಳಿನ ಆಪರೇಷನ್. ಆಸ್ಪತ್ರೆಯಲ್ಲಿ ಎರಡು ಪುಟದ ಇಂಗ್ಲಿಷ್ ಹಾಳೆ ಕೊಟ್ಟು, ಮನೇಲಿ ಕನ್ನಡದಲ್ಲಿ ಹೇಳಿ ಅಂದರು. ನಾನು ಸಾಲು ಸಾಲಾಗಿ ಕನ್ನಡ ಮಾಡಿ ಓದಿದೆ, ಅತ್ತೆ ಇನ್ನೂ ಜಾಸ್ತಿ ಹೆದರಿದರು. ಎಲ್ಲದಕ್ಕೂ ಹೂಂ ಅಂತಾರೆ, ಆಮೇಲೆ ಅದನ್ನೇ ಮತ್ತೆ ಕೇಳ್ತಾರೆ. ಒಂದೂ ತಪ್ಪದ ಹಾಗೆ ಹೇಗೆ ಬರೆದುಕೊಡಲಿ?"

ಸಾಲು ಸಾಲಾಗಿ ಕನ್ನಡ ಮಾಡಿದ್ದರಲ್ಲೇ ತೊಂದರೆ ಇದೆ. ಆ ಹಾಳೆ ಬರೆದಿರುವುದು ಆಸ್ಪತ್ರೆಯವರ ಲೆಕ್ಕದಲ್ಲಿ. ಅದರಲ್ಲಿ ಸಮಯ ಎಲ್ಲ ಹಿಂದಕ್ಕೆ ಎಣಿಸಿರುತ್ತದೆ: ಅರಿವಳಿಕೆಗೆ ಆರು ಗಂಟೆ ಮೊದಲು, ಎರಡು ಗಂಟೆ ಮೊದಲು, ಹೀಗೆ. ಆಪರೇಷನ್ ಎಷ್ಟು ಗಂಟೆಗೆ ಅಂತಲೇ ಗೊತ್ತಿಲ್ಲದ ನಿಮ್ಮ ಅತ್ತೆ ಅದರಿಂದ ಎರಡು ಗಂಟೆ ಹೇಗೆ ಕಳೆಯುತ್ತಾರೆ? ಹೆದರಿದವರಿಗೆ ಲೆಕ್ಕ ಕೊಡಬಾರದು. ಲೆಕ್ಕ ನೀವು ಮಾಡಿ, ಅವರಿಗೆ ಉತ್ತರ ಮಾತ್ರ ಕೊಡಿ.

ಹಾಗಾಗಿ ಬರೆಯೋಕೆ ಕೂರುವ ಮೊದಲು ಆಸ್ಪತ್ರೆಗೆ ಒಂದು ಫೋನ್ ಮಾಡಿ. ಮೂರು ವಿಷಯ ಕೇಳಿ: ಗುರುವಾರ ಅರಿವಳಿಕೆ ಸುಮಾರು ಎಷ್ಟು ಗಂಟೆಗೆ, ಹೊಟ್ಟೆ ಕ್ಲೀನ್ ಮಾಡೋ ಪುಡಿ ಯಾವ ದಿನ ಎಷ್ಟು ಗಂಟೆಗೆ ಶುರು ಮಾಡಬೇಕು, ಆಪರೇಷನ್ ದಿನ ಬೆಳಿಗ್ಗೆ ಯಾವ ಮಾತ್ರೆ ತಗೋಬೇಕು ಯಾವುದು ಬಿಡಬೇಕು. ಅರಿವಳಿಕೆ ಬೆಳಿಗ್ಗೆ 9ಕ್ಕೆ, ಪುಡಿ ಬುಧವಾರ ಸಂಜೆ 4ಕ್ಕೆ ಅಂದರು ಅಂತ ಇಟ್ಟುಕೊಂಡು ಮುಂದೆ ಹೇಳುತ್ತೇನೆ. ನಿಮ್ಮ ಆಸ್ಪತ್ರೆ ಬೇರೆ ಸಮಯ ಹೇಳಿದರೆ ಅದನ್ನೇ ಬರೆಯಿರಿ, ನನ್ನದನ್ನಲ್ಲ.

ಇನ್ನೊಂದು ಮಾತು. ಹಾಳೆಯಲ್ಲಿ "ರಾತ್ರಿ 12ರ ನಂತರ ಏನೂ ಬೇಡ" ಅಂತ ಇರಬಹುದು, ಅರಿವಳಿಕೆ ಡಾಕ್ಟರ್ "ಬೆಳಿಗ್ಗೆ 7ರ ತನಕ ನೀರು ಕುಡಿಯಬಹುದು" ಅಂದಿರಬಹುದು. ಎರಡೂ ಕೇಳಿದ ಮನೆಯವರು ಗೊಂದಲಕ್ಕೆ ಬೀಳುತ್ತಾರೆ. ಹೊಟ್ಟೆ ಖಾಲಿ ಇರಲಿ ಅನ್ನೋದು ಯಾಕೆ ಅಂದರೆ, ಅರಿವಳಿಕೆಯಲ್ಲಿ ಪ್ರಜ್ಞೆ ತಪ್ಪಿದಾಗ ಹೊಟ್ಟೆಯಲ್ಲಿರುವುದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿಯಬಹುದು, ಅದೇ ಭಯ. ಹೆರಿಗೆ ಸಮಯದಲ್ಲಿ ಅರಿವಳಿಕೆ ಪಡೆದ ಹೆಂಗಸರಲ್ಲಿ ಇದು ಆಗುವುದನ್ನು 1946ರಲ್ಲಿ ಅಮೆರಿಕದ ಮೆಂಡೆಲ್ಸನ್ ಎಂಬ ವೈದ್ಯರು ವಿವರವಾಗಿ ಬರೆದರು. ಮಧ್ಯರಾತ್ರಿಯಿಂದ ಬಾಯಿ ಕಟ್ಟಿಸುವ ಪದ್ಧತಿ ಬಹಳ ಕಾಲ ನಡೆಯಿತು. ಆಮೇಲೆ ನೋಡಿದರೆ ಬರಿ ನೀರು ಹೊಟ್ಟೆಯಿಂದ ಬೇಗ ಇಳಿದುಹೋಗುತ್ತದೆ. ಅಮೆರಿಕದ ಅರಿವಳಿಕೆ ತಜ್ಞರ ಸಂಘ 1999ರಲ್ಲೇ ತಿಳಿ ನೀರಿಗೆ ಎರಡು ಗಂಟೆ, ಹಗುರ ತಿಂಡಿಗೂ ಹಾಲಿಗೂ ಆರು ಗಂಟೆ ಸಾಕು ಅಂದಿತು. ಕರಿದದ್ದು, ಮಾಂಸ ತಿಂದಿದ್ದರೆ ಎಂಟು ಗಂಟೆಯೋ ಅದಕ್ಕಿಂತ ಹೆಚ್ಚೋ ಬೇಕಾಗಬಹುದು. ಆದರೂ ಎಷ್ಟೋ ಕಡೆ ಹಳೆ ಹಾಳೆಯೇ ಓಡಾಡುತ್ತಿದೆ. ಎರಡು ಮಾತು ಬಂದರೆ ನೀವೇ ತೀರ್ಮಾನ ಮಾಡಬೇಡಿ. ಅರಿವಳಿಕೆ ಡಾಕ್ಟರನ್ನೇ ಕೇಳಿ ಒಂದೇ ಸಮಯ ಚೀಟಿಯಲ್ಲಿ ಬರೆಯಿರಿ.

ಈಗ ಮಾತಿನ ವಿಷಯಕ್ಕೆ ಬರೋಣ. ನೀವು "ಉಪವಾಸ" ಅಂತ ಬರೆದಿದ್ದರೆ ತೆಗೆದುಬಿಡಿ. ನಮ್ಮಲ್ಲಿ ಏಕಾದಶಿ ಉಪವಾಸಕ್ಕೆ ಬಾಳೆಹಣ್ಣು, ಅವಲಕ್ಕಿ, ಒಂದು ಲೋಟ ಹಾಲು ಎಲ್ಲ ನಡೆಯುತ್ತದೆ. ಆಸ್ಪತ್ರೆಯವರ ಪ್ರೀತಿಯ ಮಾತು "ಖಾಲಿ ಹೊಟ್ಟೆ". ಅದೂ ಅಷ್ಟೇ. ಆಪರೇಷನ್ ಥಿಯೇಟರ್ ಬಾಗಿಲಲ್ಲಿ "ಖಾಲಿ ಹೊಟ್ಟೇಲಿದ್ದೀರಾ ಅಮ್ಮ?" ಅಂದರೆ "ಹೂಂ ಡಾಕ್ಟರೇ, ಏನೂ ತಿಂದಿಲ್ಲ, ಒಂದು ಲೋಟ ಕಾಫಿ ಅಷ್ಟೇ" ಅಂತಾರೆ. ಕಾಫಿ ಸೀಮೆಯಲ್ಲಿ ಕಾಫಿಯನ್ನು ಯಾರೂ ತಿನ್ನೋದರ ಲೆಕ್ಕಕ್ಕೆ ಹಿಡಿಯೋದಿಲ್ಲ ಅಲ್ವಾ? ಆ ಕಾಫಿಯಲ್ಲಿ ಹಾಲಿದ್ದರೆ ಆಪರೇಷನ್ ಅಲ್ಲಿಗೆ ನಿಂತಿತು. ಹಾಲು ಹೊಟ್ಟೆಯಲ್ಲಿ ಒಡೆದು ಗಟ್ಟಿಯಾಗುತ್ತದೆ, ನಮ್ಮ ಲೆಕ್ಕದಲ್ಲಿ ಅದು ಊಟವೇ. ಹಾಗಾಗಿ ಹೆಸರು ಹಿಡಿದು ಬರೆಯಿರಿ: ಹಾಲು, ಹಾಲಿನ ಕಾಫಿ, ಮಜ್ಜಿಗೆ, ಗಂಜಿ ಬೇಡ. ಮಜ್ಜಿಗೆಯನ್ನು ಎಷ್ಟೇ ನೀರಾಗಿ ಮಾಡಿದರೂ ಬೇಡ. ಗಂಜಿ ತಿಳಿಯೂ ಬೇಡ.

ಎಲೆ ಅಡಿಕೆಯನ್ನು ಬೇರೆಯಾಗಿ ಕೇಳಿ. ಇಂಗ್ಲಿಷ್ ಹಾಳೆ ಬರೆದವರಿಗೆ ಅದು ನೆನಪಾಗೋದೇ ಇಲ್ಲ. ಅತ್ತೆಗೆ ಊಟ ಬಿಡೋದು ಸುಲಭ, ಭಯ ಆದಾಗ ಕೈ ಮೊದಲು ಹೋಗೋದು ಎಲೆ ಅಡಿಕೆ ಚೀಲಕ್ಕೇ. ಚೀಟಿಯಲ್ಲಿ ಅದಕ್ಕೆ ಒಂದು ಸಾಲು ಇರಲಿ. ಪ್ರಸಾದಕ್ಕೂ ಒಂದು ಸಾಲು ಇರಲಿ. ಹೊರಡುವಾಗ ಯಾರಾದರೂ ಪ್ರಸಾದ ತಂದು ಕೊಟ್ಟೇ ಕೊಡುತ್ತಾರೆ, ಬೇಡ ಅನ್ನೋಕೆ ಅತ್ತೆಗೆ ಮನಸ್ಸು ಬರೋದಿಲ್ಲ. "ಕಣ್ಣಿಗೊತ್ತಿಕೊಂಡು ಸೊಸೆ ಕೈಗೆ ಕೊಡಿ" ಅಂತ ಬರೆದರೆ ಸಾಕು.

ವಾಕ್ಯ ಕಟ್ಟುವುದರಲ್ಲೂ ಒಂದು ಅಪಾಯ ಇದೆ. "ನೀರು ಬಿಟ್ಟು ಬೇರೇನೂ ಕುಡಿಯಬಾರದು" ಅಂತ ಬರೆದಿದ್ದೀರಾ ನೋಡಿ. ನಿಮಗೆ ಅರ್ಥ ಸರಿಯಾಗಿದೆ. ಗಾಬರಿಯಲ್ಲಿರುವವರಿಗೆ ಕಿವಿಗೆ ಬೀಳೋದು "ನೀರು ಬಿಟ್ಟು" ಮತ್ತು "ಕುಡಿಯಬಾರದು", ಎರಡೇ. ನೀರನ್ನೂ ಬಿಟ್ಟುಬಿಡುತ್ತಾರೆ. ನಮ್ಮ ವಾಕ್ಯದಲ್ಲಿ ಹೌದೋ ಅಲ್ಲವೋ ಅನ್ನೋದು ಕೊನೆಗೆ ಬರುತ್ತದೆ, ಅಲ್ಲಿಯವರೆಗೆ ಅವರ ಮನಸ್ಸು ನಿಲ್ಲೋದಿಲ್ಲ. ಅದಕ್ಕೇ ಎರಡು ಸಾಲು ಮಾಡಿ. "ಬೆಳಿಗ್ಗೆ 7ರ ತನಕ ನೀರು ಕುಡಿಯಿರಿ. 7 ಆದ ಮೇಲೆ ನೀರೂ ಬೇಡ." ಒಂದು ಸಾಲಿಗೆ ಒಂದೇ ಕೆಲಸ, ಒಂದೇ ಸಮಯ. "ಬುಧವಾರ ಮಧ್ಯರಾತ್ರಿ" ಅನ್ನೋದೂ ಬೇಡ, ಅದು ಯಾವ ರಾತ್ರಿ ಅಂತ ಮನೆಯಲ್ಲಿ ಇಬ್ಬರು ಎರಡು ಥರ ಹೇಳುತ್ತಾರೆ. ನಮ್ಮವರಿಗೆ ದಿನ ಬದಲಾಗೋದು ಬೆಳಗಾದಾಗ, 12 ಹೊಡೆದಾಗ ಅಲ್ಲ.

ಇನ್ನು ಊಟ. ನಿಮ್ಮ ಹಾಳೆಯಲ್ಲಿ ಸೋಮವಾರ, ಮಂಗಳವಾರ ನಾರು ಕಡಿಮೆ ಇರುವ ಊಟ ಅಂತ ಇದ್ದೇ ಇರುತ್ತದೆ. ಅದನ್ನು ತುಂಬ ಜನ "ಹಗುರವಾದ ಊಟ" ಅಂತ ಕನ್ನಡ ಮಾಡುತ್ತಾರೆ. ಹಗುರ ಅಂದ ತಕ್ಷಣ ನಮ್ಮ ಮನೆಗಳಲ್ಲಿ ರಾಗಿ ಗಂಜಿ, ಸೊಪ್ಪಿನ ಸಾರು, ಪಪ್ಪಾಯಿ ಹಣ್ಣು ಬರುತ್ತವೆ. ಬೇರೆ ದಿನ ಒಳ್ಳೆಯದೇ, ಈ ಎರಡು ದಿನ ಅದೇ ತಪ್ಪು. ನಾರು, ಸಿಪ್ಪೆ, ಬೀಜ ಕರುಳಲ್ಲಿ ಉಳಿದುಕೊಳ್ಳುತ್ತವೆ, ಪುಡಿ ಕುಡಿದರೂ ಪೂರ್ತಿ ಹೋಗೋದಿಲ್ಲ. ನಿಮ್ಮ ಅಡುಗೆಮನೆಯಲ್ಲಿ ಇರೋದನ್ನೇ ಬರೆಯಿರಿ. ಬಿಳಿ ಅನ್ನ, ಬರಿ ಕಡುಬು, ಇಡ್ಲಿ, ನೀರು ದೋಸೆ, ಸೋಸಿದ ತಿಳಿ ಸಾರು, ಮೊಸರು, ಮೊಟ್ಟೆ ಆಗುತ್ತದೆ. ರಾಗಿ ಮುದ್ದೆ, ಸೊಪ್ಪು, ಕಾಳು, ಕಳಲೆ, ಹಸಿ ತರಕಾರಿ, ಸೀಬೆ, ಟೊಮ್ಯಾಟೊ ಬೇಡ. ಒಗ್ಗರಣೆಯ ಸಾಸಿವೆ, ಕರಿಬೇವನ್ನೂ ಆ ಎರಡು ದಿನ ಬಿಡಿ. ರುಚಿ ಇಲ್ಲ ಅಂತ ಬೈಸಿಕೊಳ್ಳುತ್ತೀರಿ, ಬೈಸಿಕೊಳ್ಳಿ.

ಮಂಗಳವಾರ ರಾತ್ರಿ ಊಟ ಆದ ಮೇಲೆ ಗಟ್ಟಿ ಆಹಾರ ಮುಗಿಯಿತು. ಬುಧವಾರ ಇಡೀ ದಿನ ತಿಳಿಯಾದದ್ದನ್ನು ಕುಡಿಯೋದು ಮಾತ್ರ. ತಿಳಿ ಅಂದರೆ ಏನು ಅಂತ ಪರೀಕ್ಷೆ ಮಾಡೋಕೆ ಗಾಜಿನ ಲೋಟಕ್ಕೆ ಹಾಕಿ, ಹಿಂದೆ ಪೇಪರ್ ಹಿಡಿಯಿರಿ. ಅಕ್ಷರ ಕಂಡರೆ ಆಗುತ್ತದೆ. ನೀರು, ಎಳನೀರು, ಸೋಸಿದ ನಿಂಬೆ ಶರಬತ್ತು ಈ ಪರೀಕ್ಷೆ ದಾಟುತ್ತವೆ. ಹಾಲಿಲ್ಲದ ಬೆಲ್ಲದ ಕಾಫಿ ದಾಟೋದಿಲ್ಲ, ಆದರೂ ನಡೆಯುತ್ತದೆ. ಚರಟ ಬರದ ಹಾಗೆ ಚೆನ್ನಾಗಿ ಸೋಸಿ, ತೆಳ್ಳಗೆ ಮಾಡಿ ಕೊಡಿ. ಅತ್ತೆಗೆ ಇದೊಂದು ದೊಡ್ಡ ಸಮಾಧಾನ, ಕಾಫಿಯೇ ಇಲ್ಲ ಅಂದುಕೊಂಡಿರುತ್ತಾರೆ. ಕೋಕಂ, ದ್ರಾಕ್ಷಿ ರಸ, ಬೀಟ್ರೂಟ್ ಥರದ ಕೆಂಪು ಬಣ್ಣದವು ಬೇಡ, ಆಮೇಲೆ ರಕ್ತವೋ ಬಣ್ಣವೋ ಗೊತ್ತಾಗದೆ ಎಲ್ಲರಿಗೂ ಗಾಬರಿ.

ಈಗ ಪುಡಿ. ಹೆಚ್ಚು ತಪ್ಪು ಆಗೋದು ಇಲ್ಲೇ, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಸಾಮಾನ್ಯವಾಗಿ ಕೊಡೋದು ಪಾಲಿಎಥಿಲಿನ್ ಗ್ಲೈಕಾಲ್ ಪುಡಿ, ಜೊತೆಗೆ ಲವಣಗಳು ಸೇರಿರುತ್ತವೆ. ದೊಡ್ಡ ಪೊಟ್ಟಣವನ್ನು 2 ಲೀಟರ್ ನೀರಿಗೆ ಕಲಸಬೇಕು. ನಿಮ್ಮ ಪೊಟ್ಟಣದ ಮೇಲೆ ಎಷ್ಟು ಅಂತ ಓದಿ, ಬ್ರ್ಯಾಂಡಿಗೆ ತಕ್ಕ ಹಾಗೆ ಬದಲಾಗುತ್ತದೆ. ಈ ಪುಡಿ ದೇಹಕ್ಕೆ ಸೇರೋದಿಲ್ಲ, ನೀರನ್ನು ಕರುಳಲ್ಲೇ ಹಿಡಿದಿಟ್ಟುಕೊಂಡು ಎಲ್ಲ ತೊಳೆದುಕೊಂಡು ಹೊರಗೆ ಹೋಗುತ್ತದೆ. ಅಂದರೆ ತೊಳೆಯೋ ಕೆಲಸ ಮಾಡೋದು ಆ ಎರಡು ಲೀಟರ್ ನೀರು. ಇದು ಗೊತ್ತಿಲ್ಲದೆ, ಕಹಿ ಔಷಧಿ ಒಂದೇ ಗುಟುಕಿಗೆ ಮುಗಿಸೋಣ ಅಂತ ಒಂದು ಚೊಂಬಿಗೆ ಇಡೀ ಪೊಟ್ಟಣ ಸುರಿದು ಕುಡಿಯುವವರಿದ್ದಾರೆ. ವಾಂತಿ ಆಗುತ್ತದೆ, ಕರುಳು ಹಾಗೇ ಉಳಿಯುತ್ತದೆ.

ಅಳತೆಗೆ ಲೋಟ ನಂಬಬೇಡಿ, ಮನೆಯಲ್ಲಿ ನಾಲ್ಕು ಲೋಟ ಇದ್ದರೆ ನಾಲ್ಕು ಅಳತೆ. ಒಂದು ಲೀಟರಿನ ಎರಡು ನೀರಿನ ಬಾಟಲಿ ತುಂಬಿ ಪಾತ್ರೆಗೆ ಸುರಿದು, ಪುಡಿ ಹಾಕಿ ಪೂರ್ತಿ ಕರಗುವ ತನಕ ಕಲಸಿ, ತಿರುಗಿ ಬಾಟಲಿಗೆ ತುಂಬಿ. ಪ್ರತಿ ಬಾಟಲಿಯ ಮೇಲೆ ಪೆನ್ನಿನಿಂದ ನಾಲ್ಕು ಸಮ ಭಾಗಕ್ಕೆ ಗೆರೆ ಹಾಕಿ. ಹದಿನೈದು ನಿಮಿಷಕ್ಕೆ ಒಂದು ಗೆರೆ, ಅಂದರೆ 250 ಮಿಲಿ. 4ಕ್ಕೆ ಶುರುವಾದರೆ ಸುಮಾರು 6ಕ್ಕೆ ಎಂಟು ಗೆರೆ ಮುಗಿಯುತ್ತದೆ. ಬೆಳಿಗ್ಗೆಯೇ ಕಲಸಿ ಫ್ರಿಜ್ಜಿನಲ್ಲಿಟ್ಟರೆ ಕುಡಿಯೋಕೆ ಸುಲಭ. ಸಕ್ಕರೆ, ಬೆಲ್ಲ, ಹಾಲು ಸೇರಿಸಬೇಡಿ. ಸಕ್ಕರೆ ಕರುಳಲ್ಲಿ ಹುಳಿತು ಗ್ಯಾಸ್ ಆಗಬಹುದು, ಆಪರೇಷನ್‌ನಲ್ಲಿ ಕರೆಂಟಿನ ಉಪಕರಣ ಬಳಸುವಾಗ ಅಂಥ ಗ್ಯಾಸ್ ಒಳ್ಳೆಯದಲ್ಲ.

ಇನ್ನು ಹೆಸರು. ಹಾಳೆಯ ಮಾತನ್ನು "ಕರುಳಿನ ತಯಾರಿ" ಅಂದರೆ ಅತ್ತೆಗೆ ಏನೂ ತಿಳಿಯೋದಿಲ್ಲ. "ಬೇಧಿ ಔಷಧಿ" ಅಂದರೆ ತಿಳಿಯುತ್ತದೆ, ಆದರೆ ಬೇಧಿ ಅಂದರೆ ಕಾಯಿಲೆ, ನಿಲ್ಲಿಸಬೇಕಾದದ್ದು. ನಾಲ್ಕನೇ ಸಲ ಹೋಗಿ ಬಂದ ಮೇಲೆ "ಸಾಕು, ಸುಸ್ತಾಯ್ತು, ಎಲ್ಲ ಹೋಯ್ತು" ಅಂತ ಬಾಟಲಿ ಮುಚ್ಚಿಡುತ್ತಾರೆ. ಪಕ್ಕದ ಮನೆಯವರು ಬೇಧಿ ನಿಲ್ಲೋ ಮಾತ್ರೆ ತಂದುಕೊಟ್ಟರಂತೂ ಕತೆ ಮುಗಿಯಿತು. ಅದಕ್ಕೆ ಮೊದಲೇ ಹೀಗೆ ಹೇಳಿ: "ಅತ್ತೆ, ತುಂಬ ಸಲ ಹೋಗಬೇಕಾಗುತ್ತೆ. ಹಾಗೆ ಆಗಲೇಬೇಕು. ಕರುಳು ಕತ್ತರಿಸಿ ಹೊಲಿಯೋ ಜಾಗ ಕ್ಲೀನ್ ಇರಲಿ ಅಂತ." ಅಷ್ಟೇ ಸಾಕು. ಸೋಂಕು, ಕೀವು ಅಂತ ಮುಂದುವರಿಸಬೇಡಿ.

ಎಲ್ಲಿಗೆ ನಿಲ್ಲಬೇಕು ಅಂತ ಹೇಗೆ ಗೊತ್ತಾಗುತ್ತದೆ? ಎಷ್ಟು ಸಲ ಹೋದರು ಅನ್ನೋದು ಲೆಕ್ಕ ಅಲ್ಲ, ಬಣ್ಣ ಲೆಕ್ಕ. ಮೊದಲು ಗಟ್ಟಿ, ಆಮೇಲೆ ಕಂದು ನೀರು, ಕೊನೆಗೆ ಮೂತ್ರದ ಹಾಗೆ ತಿಳಿ ಹಳದಿ ನೀರು. ತಳ ಕಾಣಬೇಕು. ಬೇಗ ತಿಳಿಯಾಯಿತು ಅಂತ ಉಳಿದದ್ದನ್ನು ಚೆಲ್ಲಬೇಡಿ. ಎರಡೂ ಬಾಟಲಿ ಮುಗಿದು ಮೂರು ಗಂಟೆ ಆದರೂ ಕಂದು ಬಣ್ಣ, ಚೂರುಗಳು ಬರುತ್ತಿದ್ದರೆ ಆಸ್ಪತ್ರೆಗೆ ಫೋನ್ ಮಾಡಿ. ಅತ್ತೆ ಇದನ್ನು ನಿಮಗೆ ಹೇಳೋಕೆ ನಾಚಿಕೆ ಪಡುತ್ತಾರೆ, ಅದಕ್ಕೆ ಚೀಟಿಯಲ್ಲಿ ಒಂದು ಸಾಲು ಹಾಕಿ: "6 ಗಂಟೆ ಆದ ಮೇಲೆ ಬಣ್ಣ ಏನಿದೆ ಸೊಸೆಗೆ ಹೇಳಿ." ಬರೆದದ್ದನ್ನು ಪಾಲಿಸೋಕೆ ನಾಚಿಕೆ ಕಡಿಮೆ.

ವಾಕರಿಕೆ ಬಂದರೆ ಅರ್ಧ ಗಂಟೆ ನಿಲ್ಲಿಸಿ ಮತ್ತೆ ನಿಧಾನವಾಗಿ ಶುರು ಮಾಡಿ. ಆದರೆ ಹೊಟ್ಟೆ ಉಬ್ಬಿ ಬಿಗಿಯಾಗಿ ಜೋರು ನೋವು ಬಂದರೆ, ಅಥವಾ ಕುಡಿಯುತ್ತಲೇ ಇದ್ದರೂ ಏನೂ ಹೊರಗೆ ಹೋಗದೆ ವಾಂತಿ ಶುರುವಾದರೆ ಪೂರ್ತಿ ನಿಲ್ಲಿಸಿ ಆ ಕ್ಷಣವೇ ಆಸ್ಪತ್ರೆಗೆ ತಿಳಿಸಿ. ಕರುಳಲ್ಲಿ ದಾರಿ ಮುಚ್ಚಿದ್ದರೆ ಹೀಗಾಗುತ್ತದೆ. ಇದು ನಿಮ್ಮ ತಿಳಿವಳಿಕೆಗೆ, ಅತ್ತೆಯ ಚೀಟಿಯಲ್ಲಿ "ಜೋರು ನೋವು ಬಂದರೆ ತಕ್ಷಣ ಸೊಸೆನ ಕರೀರಿ" ಅಂತ ಮಾತ್ರ ಇರಲಿ.

ಶೌಚಾಲಯ ಮನೆಯ ಹೊರಗಿದ್ದರೆ ದಾರಿಯಲ್ಲಿ ಲೈಟ್ ಇದೆಯಾ ನೋಡಿ. ಬಿಪಿ ಇರುವ ವಯಸ್ಸಾದವರು ಇಡೀ ದಿನ ಊಟ ಇಲ್ಲದೆ ರಾತ್ರಿ ಎದ್ದು ಓಡುವಾಗ ತಲೆ ಸುತ್ತಿ ಬೀಳುತ್ತಾರೆ. ಸಕಲೇಶಪುರದಿಂದ ಹಾಸನ ಸುಮಾರು 40 ಕಿಲೋಮೀಟರ್. ಬೆಳಗಿನ ಬಸ್ಸಿನಲ್ಲಿ ಹೊಟ್ಟೆ ಮತ್ತೆ ಅವಸರ ಮಾಡಿದರೆ ಎಲ್ಲಿ ಇಳಿಯೋದು ಅನ್ನೋ ಚಿಂತೆಗೇ ಎಷ್ಟೋ ಜನ ಕೊನೆಯ ಬಾಟಲಿ ಕುಡಿಯೋದಿಲ್ಲ. ಬುಧವಾರ ಮಧ್ಯಾಹ್ನವೇ ಅಡ್ಮಿಟ್ ಮಾಡಿಕೊಳ್ಳುತ್ತೀರಾ ಅಂತ ಆ ಫೋನಿನಲ್ಲೇ ಕೇಳಿಬಿಡಿ. ಹೂಂ ಅಂದರೆ ಅರ್ಧ ತಲೆನೋವು ಕಡಿಮೆ.

ಮಾತ್ರೆ ವಿಷಯ. "ಬಿಪಿ ಮಾತ್ರೆ ತಗೋಬೇಕು" ಅಂತ ಬರೆಯಬೇಡಿ. ಅತ್ತೆಗೆ ಎರಡು ಬಿಪಿ ಮಾತ್ರೆ ಇರಬಹುದು. ಆಮ್ಲೋಡಿಪಿನ್ ಥರದ್ದನ್ನು ಸಾಮಾನ್ಯವಾಗಿ ಆ ದಿನವೂ ಕೊಡುತ್ತೇವೆ. ಟೆಲ್ಮಿಸಾರ್ಟನ್ ಥರದ್ದನ್ನು ಆಪರೇಷನ್ ದಿನ ತುಂಬ ಸಲ ಬಿಡಿಸುತ್ತೇವೆ, ಅರಿವಳಿಕೆಯಲ್ಲಿ ಬಿಪಿ ತೀರಾ ಇಳಿದುಬಿಡುತ್ತದೆ ಅಂತ. ಸ್ಟ್ರಿಪ್ಪುಗಳನ್ನು ಕೈಯಲ್ಲಿ ಹಿಡಿದು ಫೋನ್ ಮಾಡಿ, ಹೆಸರು ಓದಿ ಕೇಳಿ. ಗುರುವಾರದ ಒಂದೇ ಮಾತ್ರೆಯನ್ನು ಸ್ಟ್ರಿಪ್ಪಿನ ಸಮೇತ ಕತ್ತರಿಸಿ ಚೀಟಿಗೆ ಪಿನ್ ಮಾಡಿ, ಉಳಿದ ಡಬ್ಬ ನಿಮ್ಮ ಹತ್ತಿರ ಇರಲಿ. ಬುಧವಾರ ಸಂಜೆಯ ಮಾತ್ರೆ ಇದ್ದರೆ ಅದನ್ನೂ ಕೇಳಿ. ಪುಡಿಯ ನೀರು ಶುರುವಾಗುವ ಹೊತ್ತಿಗೆ ನುಂಗಿದ ಮಾತ್ರೆ ತೊಳೆದುಕೊಂಡು ಹೊರಗೆ ಹೋಗಬಹುದು. ಅತ್ತೆಗೆ ಶುಗರ್, ಕಿಡ್ನಿ, ಹೃದಯದ ತೊಂದರೆ ಇದ್ದು ನೀವು ಇಲ್ಲಿ ಬರೆದಿಲ್ಲ ಅಂತಾದರೆ, ಅಥವಾ ರಕ್ತ ತೆಳುವಾಗಿಸೋ ಮಾತ್ರೆ ತಗೊಳ್ಳುತ್ತಿದ್ದರೆ, ಅದನ್ನು ಇವತ್ತೇ ಡಾಕ್ಟರಿಗೆ ಹೇಳಬೇಕು. ಗುರುವಾರದ ತನಕ ಕಾಯುವ ವಿಷಯ ಅಲ್ಲ.

ಇಷ್ಟೆಲ್ಲ ಆದ ಮೇಲೆ ಗುರುವಾರದ ಚೀಟಿ ಹೀಗೆ ಕಾಣುತ್ತದೆ. ದೊಡ್ಡ ಅಕ್ಷರ, ಅಂಕಿ ಅವರು ಗಡಿಯಾರದಲ್ಲಿ ನೋಡುವ ಥರದ್ದೇ:

ಗುರುವಾರ ಬೆಳಿಗ್ಗೆ
5 ಗಂಟೆ: ಹಲ್ಲುಜ್ಜಿ. ಬಾಯಿ ಮುಕ್ಕಳಿಸಿ.
6 ಗಂಟೆ: ಪಿನ್ ಮಾಡಿರೋ ಮಾತ್ರೆ ಒಂದು ಗುಟುಕು ನೀರಲ್ಲಿ ನುಂಗಿ.
7 ಗಂಟೆ ತನಕ: ಬಾಯಾರಿದರೆ ಬರಿ ನೀರು ಕುಡಿಯಿರಿ.
7 ಆದ ಮೇಲೆ: ನೀರೂ ಬೇಡ.
ಕಾಫಿ ಬೇಡ. ಎಲೆ ಅಡಿಕೆ ಬೇಡ. ಪ್ರಸಾದ ಸೊಸೆ ಕೈಗೆ.
ಮರೆತು ಏನಾದರೂ ತಿಂದರೆ, ಕುಡಿದರೆ: ಏನು, ಎಷ್ಟು ಹೊತ್ತಿಗೆ ಅಂತ ಹೇಳಿ. ಯಾರೂ ಬೈಯೋದಿಲ್ಲ.

ಸೋಮವಾರ ಮಂಗಳವಾರಕ್ಕೆ ಒಂದು, ಬುಧವಾರಕ್ಕೆ ಒಂದು ಬೇರೆ ಚೀಟಿ ಮಾಡಿ, ಆಯಾ ದಿನ ಬೆಳಿಗ್ಗೆ ಕೈಗೆ ಕೊಡಿ. ನಾಲ್ಕು ದಿನದ್ದು ಒಟ್ಟಿಗೆ ಕೊಟ್ಟರೆ ಹೆದರಿಕೆ ನಾಲ್ಕು ದಿನದ್ದೂ ಒಟ್ಟಿಗೇ ಬರುತ್ತದೆ.

ಕೊನೆಯ ಸಾಲು ಬಿಡಬೇಡಿ. ಹಾಳೆಯಲ್ಲಿ "ಪಾಲಿಸದಿದ್ದರೆ ಪ್ರಾಣಾಪಾಯ" ಅಂತ ದಪ್ಪ ಅಕ್ಷರದಲ್ಲಿ ಇದ್ದರೂ ನೀವು ಹಾಗೆ ಬರೆಯಬೇಡಿ. ಹೆದರಿಸಿದರೆ ಜನ ತಪ್ಪು ಮಾಡೋದು ಬಿಡೋದಿಲ್ಲ, ತಪ್ಪನ್ನು ಮುಚ್ಚಿಡುತ್ತಾರೆ. ನನಗೆ ಅರ್ಧ ಇಡ್ಲಿ ತಿಂದವರಿಗಿಂತ ತಿಂದಿಲ್ಲ ಅಂತ ಸುಳ್ಳು ಹೇಳಿದವರ ಭಯವೇ ಜಾಸ್ತಿ. ತಿಂದದ್ದು ಗೊತ್ತಾದರೆ ಕೆಲವು ಗಂಟೆ ಮುಂದಕ್ಕೆ ಹಾಕುತ್ತೇವೆ, ಅಷ್ಟೇ.

ಚೀಟಿ ಓದಿ ಹೇಳಿದ ಮೇಲೆ "ಗೊತ್ತಾಯ್ತಾ?" ಅಂತ ಕೇಳಬೇಡಿ, ಅದಕ್ಕೆ ಹೂಂ ಬಿಟ್ಟು ಬೇರೆ ಉತ್ತರ ಇಲ್ಲ. ಬದಲಿಗೆ "ಬುಧವಾರ ಮಧ್ಯಾಹ್ನ ಹಸಿವಾದರೆ ಏನು ಮಾಡ್ತೀರಾ ಅತ್ತೆ?", "ಪಕ್ಕದ ಮನೆಯವರು ಕಾಫಿ ತಂದರೆ ಏನು ಹೇಳ್ತೀರಾ?", "ಎರಡು ಸಲ ಹೋಗಿ ಬಂದ ಮೇಲೆ ಬಾಟಲಿ ಏನು ಮಾಡ್ತೀರಾ?" ಅಂತ ಕೇಳಿ. "ಮಜ್ಜಿಗೆ ಕುಡೀತೀನಿ" ಅಂದರೆ ಚೀಟಿಯ ಆ ಸಾಲು ಸರಿಯಿಲ್ಲ ಅಂತ ಅರ್ಥ. ಸಾಲನ್ನೇ ತಿದ್ದಿ, ಮತ್ತೆ ಕೇಳಿ. ಅತ್ತೆ ಅದನ್ನೇ ಮತ್ತೆ ಮತ್ತೆ ಕೇಳ್ತಾರೆ ಅಂದಿರಲ್ಲ, ಯಾವುದನ್ನು ಕೇಳುತ್ತಾರೆ ಗಮನಿಸಿ. ನೀವು ತಿದ್ದಬೇಕಾದ ಸಾಲು ಅದೇ ಇರುತ್ತದೆ.

ಮುಗಿದ ಪ್ರತಿ ಕೆಲಸದ ಮುಂದೆ ಅತ್ತೆಯ ಕೈಯಲ್ಲೇ ಗುರುತು ಹಾಕಿಸಿ, ಪಕ್ಕದಲ್ಲಿ ನೀವು ಸಮಯ ಬರೆಯಿರಿ. ಗುರುವಾರ ಆ ಮೂರೂ ಚೀಟಿ ಆಸ್ಪತ್ರೆಗೆ ತನ್ನಿ, ಅರಿವಳಿಕೆ ಡಾಕ್ಟರಿಗೆ ತೋರಿಸಿ. ಕೊನೆಗೆ ಏನು ಕುಡಿದರು, ಎಷ್ಟು ಹೊತ್ತಿಗೆ, ಬಣ್ಣ ಏನಿತ್ತು, ಯಾವ ಮಾತ್ರೆ ನುಂಗಿದರು, ನಾವು ಕೇಳೋದು ಇಷ್ಟೇ. 9ರ ಆಪರೇಷನ್ 12ಕ್ಕೆ ಹೋಗುವುದೂ ಉಂಟು. ಆಗ ಒಣ ಬಾಯಲ್ಲಿ ಸುಮ್ನೆ ಕೂರಿಸಬೇಡಿ, ನರ್ಸನ್ನು ಕರೆದು "ಇನ್ನೊಂದು ಲೋಟ ನೀರು ಕೊಡಬಹುದಾ, ಎಷ್ಟು ಗಂಟೆ ತನಕ?" ಅಂತ ಕೇಳಿ. ಹೇಳಿದ ಹೊಸ ಸಮಯವನ್ನು ಚೀಟಿಯಲ್ಲಿ 7ನ್ನು ಹೊಡೆದುಹಾಕಿ ಬರೆದು ಅತ್ತೆಗೆ ತೋರಿಸಿ.